ಪ್ರೊಬೇಷನ್ ಅವಧಿಯ ಪರಿಶೀಲನಾ ಪತ್ರ

ದಾವಣಗೆರೆ ಶಾಖೆ

ಶ್ರುತಿ ಅವರಿಗೆ,

ನಿಮ್ಮ ಆರು ತಿಂಗಳ ಪ್ರೊಬೇಷನ್‌ನಲ್ಲಿ ನಾಲ್ಕು ತಿಂಗಳು ಮುಗಿದಿವೆ. ನಿಮ್ಮ ಕೌಂಟರಿನ ಕ್ಯಾಶ್ ಒಂದು ದಿನವೂ ಹೆಚ್ಚುಕಮ್ಮಿ ಬಂದಿಲ್ಲ. ಹೋದ ತಿಂಗಳು ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಚೆಕ್‌ನಲ್ಲಿ ಅಂಕಿಯಲ್ಲಿ 86,000, ಅಕ್ಷರದಲ್ಲಿ ಅರವತ್ತೆಂಟು ಸಾವಿರ ಅಂತಿತ್ತು. ಅಷ್ಟು ಜನರ ಗದ್ದಲದಲ್ಲೂ ಅದು ನಿಮ್ಮ ಕಣ್ಣಿಗೆ ಬಿತ್ತು. ನನಗೆ ನಿಜಕ್ಕೂ ಖುಷಿಯಾಯಿತು.

ತೊಂದರೆ ಇರುವುದು ಸಿಸ್ಟಂ ಬಳಕೆಯಲ್ಲಿ. ಒಂದು ಎನ್‌ಇಎಫ್‌ಟಿ ಎಂಟ್ರಿಗೆ ಹತ್ತು ನಿಮಿಷ ಹಿಡಿಯುವುದು ಜಾಸ್ತಿ ಆಯಿತು, ಅಲ್ವಾ? ಪಕ್ಕದಲ್ಲಿ ನಿಂತು ನೋಡಿದ್ದೇನೆ. ಖಾತೆ ನಂಬರನ್ನು ಮೊದಲು ಚೀಟಿಯಲ್ಲಿ ಬರೆದುಕೊಳ್ಳುತ್ತೀರಿ, ಆಮೇಲೆ ಮೆನು ಹುಡುಕುತ್ತೀರಿ, ಪ್ರತಿ ಖಾನೆಗೂ ಮೌಸ್ ಹಿಡಿಯುತ್ತೀರಿ. ಟ್ಯಾಬ್ ಕೀ ಒತ್ತಿ ಮುಂದೆ ಹೋಗಿ. ದಿನಾ ಬೇಕಾಗುವ ಮೆನುಗಳನ್ನು ಬಾಯಿಪಾಠ ಮಾಡಿ. ಆದರೆ ಕಳಿಸುವ ಮೊದಲು ಖಾತೆ ನಂಬರನ್ನು ಮತ್ತೊಮ್ಮೆ ನೋಡುವ ಅಭ್ಯಾಸ ಮಾತ್ರ ಬಿಡಬೇಡಿ. ಹಣ ಹೋಗುವುದು ನಂಬರ್ ನೋಡಿ, ಹೆಸರು ನೋಡಿ ಅಲ್ಲ.

ಸೋಮವಾರದಿಂದ ಸಂಜೆ 4ರ ನಂತರ ಅರ್ಧ ಗಂಟೆ ಹೆಡ್ ಕ್ಯಾಷಿಯರ್ ಮೇಡಂ ಜೊತೆ ಕೂತು ಕಲಿಯಿರಿ. ಎರಡನೇ ಸಲ ಕೇಳಲು ಸಂಕೋಚ ಬೇಡ. ತಿಂಗಳ ಕೊನೆಗೆ ಒಂದು ಎಂಟ್ರಿ ನಾಲ್ಕು ನಿಮಿಷಕ್ಕೆ ಬರಲಿ, ಆಗ ಮತ್ತೆ ಕೂತು ಮಾತಾಡೋಣ. ನಿಮ್ಮನ್ನು ಖಾಯಂ ಮಾಡಲು ಶಿಫಾರಸು ಬರೆಯಬೇಕೆಂದೇ ನನ್ನ ಆಸೆ.

ಶಾಖಾ ವ್ಯವಸ್ಥಾಪಕರು