ಪ್ರಾಜೆಕ್ಟ್ ವರದಿಯ ಗ್ರಾಫ್‌ಗಳ ಬಗ್ಗೆ

ಪ್ರಿಯ ಸಹನಾ,

‘ಜನಗಣತಿಯ ಕಣ್ಣಲ್ಲಿ ಕರ್ನಾಟಕದ ಸಾಕ್ಷರತೆ’ ವರದಿಯನ್ನು ಎರಡು ಸಲ ಓದಿದೆ. ಅಂಕಿಗಳನ್ನು ಜನಗಣತಿ ಕೋಷ್ಟಕಗಳಿಂದ ನೇರವಾಗಿ ತೆಗೆದಿದ್ದೀಯ, ನಕಲಿಸುವಾಗ ಒಂದು ಅಂಕಿಯೂ ತಪ್ಪಿಲ್ಲ. ಆದರೂ ಈ ವರದಿಗೆ ಈಗಲೇ ಅಂಕ ಹಾಕುತ್ತಿಲ್ಲ. ವಿಭಾಗದ ಪ್ರದರ್ಶನದಲ್ಲಿ ನಿನ್ನ ಪೋಸ್ಟರ್ ನೋಡಿದವರು ಅಭಿಪ್ರಾಯ ಪುಸ್ತಕದಲ್ಲಿ ಬರೆದಿರುವುದನ್ನು ಓದು: ‘ಹತ್ತೇ ವರ್ಷದಲ್ಲಿ ಸಾಕ್ಷರತೆ ದುಪ್ಪಟ್ಟು’, ‘1991ರ ನಂತರ ಓದಿಸುವ ಕೆಲಸ ಕುಂಟಿತು’, ‘ಹೆಣ್ಣುಮಕ್ಕಳು ಓದಿದ್ದರಿಂದ ಲಿಂಗಾನುಪಾತ ಸರಿಹೋಯಿತು’. ಮೂರೂ ಸುಳ್ಳು, ಮೂರೂ ನಿನ್ನ ಗ್ರಾಫ್‌ಗಳಿಂದಲೇ ಹುಟ್ಟಿದವು. ನೋಡಿದವರ ತಪ್ಪೇನಿಲ್ಲ, ಕಣ್ಣಿಗೆ ಕಂಡದ್ದನ್ನೇ ಬರೆದಿದ್ದಾರೆ. ನೀನು ಬೇಕೆಂದು ಹೀಗೆ ಮಾಡಿಲ್ಲ ಎನ್ನುವುದೂ ನನಗೆ ಗೊತ್ತು, ಅದಕ್ಕೇ ಇಷ್ಟು ಉದ್ದದ ಪತ್ರ.

ಮೊದಲು ಚಿತ್ರ 1, 2001 ಮತ್ತು 2011ರ ಸಾಕ್ಷರತೆಯ ಸ್ತಂಭಗಳು. ಬೆಲೆಗಳು ಶೇ. 66.64 ಮತ್ತು ಶೇ. 75.36. ಲಂಬ ಅಕ್ಷ ಮಾತ್ರ 60ರಿಂದ ಶುರುವಾಗಿದೆ. ಹಾಗಾಗಿ ಕಾಗದದ ಮೇಲೆ ಮೊದಲ ಸ್ತಂಭದ ಎತ್ತರ 6.64 ಘಟಕ, ಎರಡನೆಯದು 15.36. ಕಣ್ಣಿಗೆ ಎರಡನೆಯದು ಮೊದಲನೆಯದರ 2.3 ಪಟ್ಟು. ನಿಜವಾದ ಅನುಪಾತ 1.13. ಅಂಕಿಗಳನ್ನು ಚಿತ್ರವಾಗಿ ತೋರಿಸುವ ಬಗ್ಗೆ ಪುಸ್ತಕ ಬರೆದ ಎಡ್ವರ್ಡ್ ಟಫ್ಟಿ ಇಂಥದ್ದನ್ನು ಅಳೆಯಲು ಒಂದು ಸರಳ ಭಾಗಾಕಾರ ಹೇಳಿಕೊಟ್ಟಿದ್ದಾರೆ: ಚಿತ್ರ ತೋರಿಸುವ ಏರಿಕೆಯನ್ನು ದತ್ತಾಂಶದ ಏರಿಕೆಯಿಂದ ಭಾಗಿಸುವುದು. ಚಿತ್ರದಲ್ಲಿ ಏರಿಕೆ 8.72 ÷ 6.64, ಅಂದರೆ ಶೇ. 131. ದತ್ತಾಂಶದಲ್ಲಿ 8.72 ÷ 66.64, ಅಂದರೆ ಶೇ. 13. ಭಾಗಿಸಿದರೆ ಸುಮಾರು 10 ಬರುತ್ತದೆ. ಅವರ ಲೆಕ್ಕದಲ್ಲಿ ಪ್ರಾಮಾಣಿಕ ಚಿತ್ರಕ್ಕೆ ಇದು 0.95ರಿಂದ 1.05ರ ಒಳಗಿರಬೇಕು.

ಇದು ಎಕ್ಸೆಲ್ ತಾನೇ ಮಾಡಿದ ಕೆಲಸ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಬೆಲೆಗಳ ಅಂತರ ಗರಿಷ್ಠ ಬೆಲೆಯ ಆರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಅದು ಸೊನ್ನೆಯನ್ನು ಬಿಟ್ಟು ಮೇಲಿನಿಂದ ಅಕ್ಷ ಶುರುಮಾಡುತ್ತದೆ. ನಿನ್ನ ಅಂಕಿಗಳಲ್ಲಿ ಅಂತರ 8.72, ಗರಿಷ್ಠದ ಆರನೇ ಒಂದು ಭಾಗ 12.56. ಸಿಕ್ಕಿಬಿದ್ದೆ. ಅಕ್ಷದ ಮೇಲೆ ಬಲ ಕ್ಲಿಕ್ ಮಾಡಿ `Format Axis` ತೆರೆ, `Bounds` ಕೆಳಗಿನ `Minimum` ಜಾಗದಲ್ಲಿ ಕೈಯಾರೆ 0 ಹಾಕು, `Maximum` 100 ಇರಲಿ.

‘ಹಾಗಾದರೆ ಎಲ್ಲ ಗ್ರಾಫೂ ಸೊನ್ನೆಯಿಂದಲೇ ಶುರುವಾಗಬೇಕಾ?’ ಎಂದು ನೀನು ಕೇಳುತ್ತೀಯ. ಇಲ್ಲ. ಸ್ತಂಭ ತನ್ನ ಉದ್ದದಿಂದ ಮಾತಾಡುತ್ತದೆ, ಬುಡ ಕತ್ತರಿಸಿದರೆ ಉದ್ದವೇ ಸುಳ್ಳಾಗುತ್ತದೆ. ಗೆರೆ ಅಥವಾ ಚುಕ್ಕೆ ತನ್ನ ಸ್ಥಾನದಿಂದ ಮಾತಾಡುತ್ತದೆ, ಅಲ್ಲಿ ಅಕ್ಷ 60ರಿಂದ ಶುರುವಾದರೂ ನಡೆದೀತು, ಅದನ್ನು ಅಡಿಬರಹದಲ್ಲಿ ಹೇಳಿದ್ದರೆ ಸಾಕು. ಜ್ವರದ ಚಾರ್ಟನ್ನು ಯಾರೂ ಸೊನ್ನೆ ಡಿಗ್ರಿಯಿಂದ ಬರೆಯುವುದಿಲ್ಲವಲ್ಲ.

ಚಿತ್ರ 2 ನನ್ನನ್ನು ಹೆಚ್ಚು ಕಾಡಿತು. ಇಲ್ಲಿ ಅಕ್ಷ ಸರಿಯಿದೆ, ಗೆರೆ ಸರಿಯಿದೆ, ಒಂದು ಬಿಂದು ಮಾತ್ರ ಬೇರೆ ಜಾತಿಯದು. ನೀನು 1981ಕ್ಕೆ 38.46, 1991ಕ್ಕೆ 56.04, 2001ಕ್ಕೆ 66.64, 2011ಕ್ಕೆ 75.36 ಇಟ್ಟಿದ್ದೀಯ. ಈ 38.46 ಒಟ್ಟು ಜನಸಂಖ್ಯೆಗೆ ಲೆಕ್ಕ ಹಾಕಿದ್ದು, ತೊಟ್ಟಿಲಲ್ಲಿರುವ ಕೂಸುಗಳೂ ಅದರ ಛೇದದಲ್ಲಿವೆ. 1991ರಿಂದ ಈಚೆಗೆ ಸಾಕ್ಷರತಾ ಪ್ರಮಾಣವನ್ನು 7 ವರ್ಷ ಮತ್ತು ಮೇಲ್ಪಟ್ಟವರಿಗೆ ಮಾತ್ರ ಲೆಕ್ಕ ಹಾಕುತ್ತಾರೆ. ಅದೇ ಅಳತೆಯಲ್ಲಿ 1981ರ ಕರ್ನಾಟಕದ ಅಂಕಿ 46.21. ಇದನ್ನು ಹಾಕಿದ ಕೂಡಲೇ ಏನಾಗುತ್ತದೆ ನೋಡು. ನಿನ್ನ ಗೆರೆಯಲ್ಲಿ ದಶಕದ ಏರಿಕೆಗಳು 17.58, 10.60, 8.72. ಮೊದಲು ಜಿಗಿತ, ಆಮೇಲೆ ದಣಿವು. ಇದನ್ನು ನೋಡಿಯೇ ನೀನು ‘1991ರ ನಂತರ ವೇಗ ಅರ್ಧಕ್ಕೆ ಇಳಿಯಿತು’ ಎಂದು ಐದನೇ ಅಧ್ಯಾಯ ಬರೆದಿದ್ದೀಯ. ಸರಿಯಾದ ಅಂಕಿಗಳಲ್ಲಿ ಏರಿಕೆಗಳು 9.83, 10.60, 8.72. ಹೆಚ್ಚುಕಡಿಮೆ ಒಂದೇ ನಡಿಗೆ. ಐದನೇ ಅಧ್ಯಾಯದ ಮೂರು ಪುಟ, ಅದರೊಳಗಿನ ಕಾರಣಗಳ ಪಟ್ಟಿಯ ಸಮೇತ, ಆಗದೇ ಇರುವ ಘಟನೆಯ ವಿವರಣೆಯಾಗಿಬಿಟ್ಟಿದೆ. ತೆಗೆದುಹಾಕು. ಕಾಲಾನುಕ್ರಮದ ಗೆರೆ ಎಳೆಯುವ ಮುಂಚೆ ಪ್ರತಿ ವರ್ಷದ ಅಂಕಿಯ ಪಕ್ಕದಲ್ಲಿ ‘ಛೇದ ಏನು?’ ಎಂಬ ಕಾಲಂ ಇಟ್ಟುಕೊಂಡರೆ ಇದು ಮತ್ತೆ ಆಗದು.

ತಿದ್ದಿದ ಗೆರೆ ಎಳೆಯಲು ಆರ್ ತಂತ್ರಾಂಶದಲ್ಲಿ ಇಷ್ಟೇ ಸಾಕು:

```r
yr  <- c(1981, 1991, 2001, 2011)
lit <- c(46.21, 56.04, 66.64, 75.36)
plot(yr, lit, type = "b", ylim = c(0, 100), xaxt = "n")
axis(1, at = yr)
```

ಚಿತ್ರ 3 ಎರಡು ಅಕ್ಷಗಳದ್ದು. ಎಡಕ್ಕೆ ಮಹಿಳಾ ಸಾಕ್ಷರತೆ: 44.34, 56.87, 68.08. ಬಲಕ್ಕೆ ಲಿಂಗಾನುಪಾತ, ಸಾವಿರ ಗಂಡಸರಿಗೆ 960, 965, 973 ಹೆಂಗಸರು. ಎರಡು ಗೆರೆಗಳೂ ಜೋಡಿ ಎತ್ತುಗಳ ಹಾಗೆ ಒಟ್ಟಿಗೆ ಸಾಗುತ್ತವೆ. ಸಾಗಲೇಬೇಕು, ಬಲದ ಅಕ್ಷವನ್ನು 958ರಿಂದ 975ಕ್ಕೆ ಹಿಗ್ಗಿಸಿದವಳು ನೀನೇ. ಅದೇ ಅಕ್ಷವನ್ನು 900ರಿಂದ 1000ಕ್ಕೆ ಇಟ್ಟು ನೋಡು, ಲಿಂಗಾನುಪಾತದ ಗೆರೆ ಮಲಗಿಬಿಡುತ್ತದೆ. ಎರಡು ಅಕ್ಷವಿದ್ದಲ್ಲಿ ಗೆರೆಗಳು ಎಲ್ಲಿ ಕೂಡಬೇಕು, ಎಲ್ಲಿ ಅಗಲಬೇಕು ಎಂಬುದನ್ನು ಬರೆಯುವವರೇ ತೀರ್ಮಾನಿಸುತ್ತಾರೆ. ಆದ್ದರಿಂದ ಓದುಗರು ಅಲ್ಲಿ ಕಾಣುವ ‘ಹೊಂದಾಣಿಕೆ’ಗೆ ಅರ್ಥವಿಲ್ಲ.

ಅಡಿಬರಹದಲ್ಲಿ ‘ಸಹಸಂಬಂಧ 0.99’ ಎಂದು ದಪ್ಪಕ್ಷರದಲ್ಲಿ ಹಾಕಿದ್ದೀಯ. ಲೆಕ್ಕ ಸರಿ, ನಾನೂ ಮಾಡಿದೆ, 0.987 ಬಂತು. ಆದರೆ ಇರುವುದು ಮೂರೇ ಬಿಂದು, ಸ್ವಾತಂತ್ರ್ಯದ ಡಿಗ್ರಿ ಒಂದೇ ಒಂದು. ಟಿ ಬೆಲೆ 6ರ ಆಸುಪಾಸು ಬರುತ್ತದೆ, ಶೇ. 5ರ ಮಟ್ಟದಲ್ಲಿ ಎರಡೂ ಬದಿಯ ಪರೀಕ್ಷೆಗೆ ಬೇಕಾದದ್ದು 12.706. ಅಂದರೆ ನಾಲ್ಕನೇ ಸೆಮಿಸ್ಟರಿನಲ್ಲಿ ನೀನೇ ಕಲಿತ ಪರೀಕ್ಷೆಯಲ್ಲಿ ಈ 0.99 ಪಾಸಾಗುವುದಿಲ್ಲ. ಪಾಸಾಗಿದ್ದರೂ ಪ್ರಯೋಜನವಿರಲಿಲ್ಲ: ಕಾಲದ ಜೊತೆ ಏರುವ ಯಾವುದೇ ಎರಡು ಸಾಲುಗಳ ನಡುವೆ ಹೀಗೇ ದೊಡ್ಡ ಸಹಸಂಬಂಧ ಸಿಗುತ್ತದೆ. ಸಾಕ್ಷರತೆಯ ಬದಲು ರಾಜ್ಯದ ದ್ವಿಚಕ್ರ ವಾಹನಗಳ ಸಂಖ್ಯೆ ಇಟ್ಟಿದ್ದರೂ ಗೆರೆ ಹೀಗೇ ಏರುತ್ತಿತ್ತು.

ಇನ್ನೊಂದು ಮಾತು, ಮತ್ತು ಇದು ನಿನ್ನ ವಾದವನ್ನು ಬುಡಮೇಲು ಮಾಡುವಂಥದ್ದು. ಹೆಣ್ಣುಮಗು ಹುಟ್ಟಲು, ಬದುಕಲು ಎಷ್ಟು ಅವಕಾಶವಿದೆ ಎಂದು ಕೇಳುವುದಾದರೆ ನೋಡಬೇಕಾದದ್ದು 0–6 ವಯಸ್ಸಿನ ಮಕ್ಕಳ ಲಿಂಗಾನುಪಾತ. ಅದು ಕರ್ನಾಟಕದಲ್ಲಿ 1991ರಲ್ಲಿ 960, 2001ರಲ್ಲಿ 946, 2011ರಲ್ಲಿ 948. ಮಹಿಳಾ ಸಾಕ್ಷರತೆ ಏರಿದ ಅದೇ ಇಪ್ಪತ್ತು ವರ್ಷಗಳಲ್ಲಿ ಇದು ಇಳಿದಿದೆ, ಸಹಸಂಬಂಧ −0.81. ಹಾಗಂತ ‘ಓದಿದರೆ ಹೆಣ್ಣುಮಕ್ಕಳು ಕಡಿಮೆಯಾಗುತ್ತಾರೆ’ ಎಂದು ಬರೆಯಬೇಡ ಮತ್ತೆ, ಅದೂ ಮೂರು ಬಿಂದುಗಳ ಆಟವೇ. ಚಿತ್ರ 3 ಪೂರ್ತಿ ಬೇಡ. ಲಿಂಗಾನುಪಾತದ ಬಗ್ಗೆ ಹೇಳಲೇಬೇಕೆಂದಿದ್ದರೆ ಎರಡು ಪ್ರತ್ಯೇಕ ಗ್ರಾಫ್‌ಗಳನ್ನು ಮೇಲೆ ಕೆಳಗೆ ಇಡು, ವರ್ಷದ ಅಕ್ಷ ಮಾತ್ರ ಒಂದೇ ಇರಲಿ, ‘ಇದರಿಂದ ಅದು’ ಎಂಬ ವಾಕ್ಯ ಬೇಡ.

ಜಿಲ್ಲಾ ನಕ್ಷೆಗೆ ಬರೋಣ. ಬಣ್ಣ ಹಾಕಿರುವುದು ಸಾಕ್ಷರರ ಸಂಖ್ಯೆಗೆ. 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆಯೇ 96 ಲಕ್ಷ ದಾಟಿತ್ತು, ಕೊಡಗಿನದು 5.5 ಲಕ್ಷ. ಸಮಾನ ಅಂತರದ ಐದು ವರ್ಗ ಮಾಡಿದಾಗ ಬೆಂಗಳೂರು ಒಂದೇ ಕಡುಗಪ್ಪಾಗಿ, ಮಿಕ್ಕವೆಲ್ಲ ತೊಳೆದಂತೆ ಪೇಲವವಾಗಿವೆ. ಪರಿಣಾಮ: ಶೇ. 82.61 ಸಾಕ್ಷರತೆಯ ಕೊಡಗಿಗೂ ಶೇ. 51.83ರ ಯಾದಗಿರಿಗೂ ಒಂದೇ ಬಣ್ಣ. ಇದು ಜನಸಂಖ್ಯೆಯ ನಕ್ಷೆ, ಸಾಕ್ಷರತೆಯದಲ್ಲ. ಸಂಖ್ಯೆ ತೆಗೆದು ಪ್ರಮಾಣ ಹಾಕು. ವರ್ಗಗಳನ್ನು 50–60, 60–70, 70–80, 80–90 ಎಂದು ಮಾಡು. 2011ರ 30 ಜಿಲ್ಲೆಗಳೂ ಇದರೊಳಗೆ ಕೂರುತ್ತವೆ, ಯಾದಗಿರಿ ತಳದಲ್ಲಿ, ಶೇ. 88.57ರ ದಕ್ಷಿಣ ಕನ್ನಡ ತುದಿಯಲ್ಲಿ. ಹೊಸ ವರ್ಗಗಳಿಗೆ ಕೆಂಪು-ಹಸಿರು ಬೇಡ, ಒಂದೇ ಬಣ್ಣದ ತೆಳುವಿನಿಂದ ಗಾಢಕ್ಕೆ ಹೋಗು. ಕೆಂಪು-ಹಸಿರು ಬೇರ್ಪಡಿಸಿ ಕಾಣಲಾಗದವರು ಇದ್ದಾರೆ, ಜೊತೆಗೆ ಜೆರಾಕ್ಸ್ ತೆಗೆದರೆ ಎರಡೂ ಒಂದೇ ಬೂದು.

ಅದರ ಪಕ್ಕದ ‘ಬದಲಾವಣೆ’ ನಕ್ಷೆಯಲ್ಲಿ ರಾಮನಗರ, ಚಿಕ್ಕಬಳ್ಳಾಪುರ, ಯಾದಗಿರಿ ಬಿಳಿಯಾಗಿವೆ. 2001ರಲ್ಲಿ ಇದ್ದದ್ದು 27 ಜಿಲ್ಲೆ, ಈ ಮೂರು ಆಮೇಲೆ ಬಂದವು, ನಿನ್ನ ಬಳಿ ಹಳೆಯ ಅಂಕಿ ಇರಲಿಲ್ಲ. ನೋಡಿದವರು ಬಿಳಿಯನ್ನು ‘ಬದಲಾವಣೆಯೇ ಇಲ್ಲ’ ಎಂದು ಓದಿದ್ದಾರೆ. ಅಂಕಿಯಿಲ್ಲದ ಜಾಗಕ್ಕೆ ಅಡ್ಡಗೆರೆ ತುಂಬಿ, ಸೂಚಿಯಲ್ಲಿ ‘ಹೋಲಿಕೆಗೆ ಸಿಗದು’ ಎಂದು ಬರೆ. ಕೋಲಾರ, ಬೆಂಗಳೂರು ಗ್ರಾಮಾಂತರ, ಗುಲ್ಬರ್ಗಾಗಳ ಗಡಿಯೂ ಬದಲಾಗಿರುವುದರಿಂದ ಅವುಗಳ ಹಳೆಯ ಅಂಕಿಯನ್ನು ಹೊಸದರ ಜೊತೆ ನೇರವಾಗಿ ಕಳೆಯುವ ಹಾಗಿಲ್ಲ. ಜನಗಣತಿಯವರು 2011ರ ಗಡಿಗೆ ಹೊಂದಿಸಿ ಕೊಟ್ಟ 2001ರ ಅಂಕಿಗಳನ್ನು ಬಳಸು.

ಮೂರು ಆಯಾಮದ ಪೈ ಚಾರ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಗರವಾಸಿಗಳ ಶೇ. 38.67ರ ತುಂಡು ಮುಂದೆ ಬಾಗಿ, ತನ್ನ ದಪ್ಪವನ್ನೂ ಸೇರಿಸಿಕೊಂಡು, ಅರ್ಧಕ್ಕರ್ಧ ಇದ್ದಂತೆ ಕಾಣುತ್ತದೆ. ಎರಡು ಅಂಕಿಗೆ ಒಂದು ವಾಕ್ಯ ಸಾಕು.

ಬೇಜಾರಾಗಿದ್ದು ಇದಕ್ಕೆ: ನಿನ್ನ ವರದಿಯ ನಿಜವಾದ ಸುದ್ದಿ ಕೋಷ್ಟಕ 4ರಲ್ಲಿ ಗ್ರಾಫೇ ಇಲ್ಲದೆ ಕೂತಿದೆ. ಗಂಡಸರ ಸಾಕ್ಷರತೆ 67.26, 76.10, 82.47. ಹೆಂಗಸರದು 44.34, 56.87, 68.08. ಅಂತರ 22.92ರಿಂದ 19.23ಕ್ಕೆ, ಅಲ್ಲಿಂದ 14.39ಕ್ಕೆ ಇಳಿದಿದೆ. ಎರಡೂ ಒಂದೇ ಘಟಕ, ಒಂದೇ ಛೇದದ ನಿಯಮ, ಒಂದೇ ಅಕ್ಷ ಸಾಕು. ಎರಡು ಗೆರೆ ಎಳೆದು, ಪ್ರತಿ ವರ್ಷದ ಮೇಲೆ ಅಂತರವನ್ನು ಅಂಕಿಯಲ್ಲಿ ಬರೆ, ಸೂಚಿಪೆಟ್ಟಿಗೆ ಬೇಡ, ಗೆರೆಯ ತುದಿಯಲ್ಲೇ ‘ಗಂಡಸರು’, ‘ಹೆಂಗಸರು’ ಎಂದಿರಲಿ. ಬರೆಯುವಾಗ ‘ಅಂತರ ಶೇ. 8.53 ಇಳಿದಿದೆ’ ಎನ್ನಬೇಡ, ‘8.53 ಶೇಕಡಾ ಅಂಶ’ ಎನ್ನು. 22.92ರ ಲೆಕ್ಕದಲ್ಲಿ ಅದು ಶೇ. 37ರ ಇಳಿಕೆ, ಎರಡೂ ಬೇರೆ ಬೇರೆ ಮಾತು. ಇದನ್ನೇ ಚಿತ್ರ 1 ಮಾಡು.

ತಿದ್ದಿದ ಮೇಲೆ ಒಂದು ಪರೀಕ್ಷೆ ಮಾಡು. ಸಂಖ್ಯಾಶಾಸ್ತ್ರ ಓದದ ಮೂವರಿಗೆ ಶೀರ್ಷಿಕೆ ಮುಚ್ಚಿ ಗ್ರಾಫ್ ತೋರಿಸು, ಹತ್ತು ಸೆಕೆಂಡಿನ ನಂತರ ತೆಗೆದು, ‘ಎಷ್ಟು ಪಟ್ಟು ಹೆಚ್ಚಿದೆ ಅನಿಸಿತು?’ ಎಂದು ಕೇಳು. ಅವರ ಉತ್ತರವನ್ನು ಕೋಷ್ಟಕದ ಅನುಪಾತದ ಪಕ್ಕದಲ್ಲಿ ಬರೆದು ಅನುಬಂಧವಾಗಿ ಸೇರಿಸು, ಅದಕ್ಕೂ ಅಂಕವಿದೆ.

ಪೋಸ್ಟರ್ ಇನ್ನೂ ವಿಭಾಗದ ಕಾರಿಡಾರಿನಲ್ಲಿ ತೂಗುತ್ತಿದೆ. ನಾಳೆಯೇ ಇಳಿಸು. ಹೊಸದನ್ನು ಹಾಕುವಾಗ ಕೆಳಗೆ ‘ಹಿಂದಿನ ಪೋಸ್ಟರಿನ ಚಿತ್ರ 1, 2, 3 ಮತ್ತು ನಕ್ಷೆಗಳನ್ನು ತಿದ್ದಲಾಗಿದೆ’ ಎಂಬ ಸಾಲು, ಏಕೆ ಎಂಬ ಒಂದು ವಾಕ್ಯದ ಸಮೇತ ಇರಲಿ. ಹಳೆಯದನ್ನು ನೋಡಿ ಹೋದವರಿಗೆ ಅಷ್ಟಾದರೂ ಸಲ್ಲಬೇಕು. ತಿದ್ದಿದ ವರದಿಯನ್ನು ಎಕ್ಸೆಲ್ ಫೈಲಿನ ಜೊತೆ ಹತ್ತು ದಿನದೊಳಗೆ ಕೊಡು. ಎರಡಕ್ಷದ ಗ್ರಾಫ್ ಬೇಕೇ ಬೇಕು ಎಂದು ವಾದಿಸುವ ಮನಸ್ಸಿದ್ದರೆ ಬುಧವಾರ ಮಧ್ಯಾಹ್ನ ಸ್ಟಾಫ್ ರೂಮಿಗೆ ಬಾ, ಲ್ಯಾಪ್‌ಟಾಪ್ ತರುವುದನ್ನು ಮರೆಯಬೇಡ.

ಇಂತಿ,
ನಿನ್ನ ಸಂಖ್ಯಾಶಾಸ್ತ್ರದ ಮೇಡಂ