ಎಳ್ಳ ಅಮಾಸಿ ಸಂತೆಗೆ ಡಬಲ್ ಪಾಯಿಂಟ್: ಡಿಸೆಂಬರ್ 12ರಿಂದ 18ರವರೆಗೆ

ಕ್ಲಬ್ ಸದಸ್ಯರಾದ ಅಕ್ಕಂದಿರಿಗೆ, ಅಣ್ಣಂದಿರಿಗೆ ಶರಣು.

ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ ಬಂತು. ಸಜ್ಜಿ ಹಿಟ್ಟು, ಎಳ್ಳು, ಶೇಂಗಾ, ಬೆಲ್ಲ, ಭಜ್ಜಿಗೆ ಬೇಕಾದ ಕಾಳುಕಡಿ ಎಲ್ಲ ಒಂದೇ ವಾರದಲ್ಲಿ ಮನೆ ಸೇರಬೇಕು. ಖರ್ಚು ಹೆಚ್ಚಾಗುವ ಆ ವಾರದಲ್ಲೇ ನಿಮಗೆ ಏನಾದರೂ ತಿರುಗಿ ಸಿಗಲಿ ಅಂತ 12ರ ಶುಕ್ರವಾರದಿಂದ 18ರ ಗುರುವಾರ ರಾತ್ರಿ ಅಂಗಡಿ ಮುಚ್ಚುವವರೆಗೆ ಪಾಯಿಂಟ್ ಎರಡರಷ್ಟು ಕೊಡುತ್ತಿದ್ದೇವೆ.

ಎಂದಿನಂತೆ 100 ರೂಪಾಯಿಗೆ 1 ಪಾಯಿಂಟ್, 1 ಪಾಯಿಂಟ್ ಅಂದರೆ 1 ರೂಪಾಯಿ. ಈ ವಾರ 100ಕ್ಕೆ 2. ಬಿಲ್ 1,850 ರೂಪಾಯಿ ಆದರೆ 18 ಮಾಮೂಲಿ ಪಾಯಿಂಟ್, ಮೇಲೆ 18 ಬೋನಸ್, ಒಟ್ಟು 36. ಉಳಿದ 50 ರೂಪಾಯಿ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಚಿಲ್ಲರೆ ಸಾಮಾನಿಗೆ ನಾಲ್ಕು ಸಲ ಬರುವ ಬದಲು ಚೀಟಿ ಬರೆದುಕೊಂಡು ಒಂದೇ ಬಿಲ್ ಮಾಡಿಸಿ. ಬಿಲ್ ಹಾಕುವ ಮೊದಲೇ ಮೊಬೈಲ್ ನಂಬರ್ ಹೇಳಿ, ಆಮೇಲೆ ಸೇರಿಸಲು ಆಗುವುದಿಲ್ಲ. 15 ಕಿಲೋ ಎಣ್ಣೆ ಡಬ್ಬಿಗೂ ಸಗಟು ಬಿಲ್ಲಿಗೂ ಪಾಯಿಂಟ್ ಇಲ್ಲ. ಉದ್ರಿ ಬಿಲ್ಲಿಗೆ ಹಣ ಕಟ್ಟಿದ ದಿನ ಜಮೆ ಆಗುತ್ತದೆ. ಈ ವಾರದ ಉದ್ರಿಯನ್ನು ಡಿಸೆಂಬರ್ 31ರೊಳಗೆ ತೀರಿಸಿದರೆ ಅದಕ್ಕೂ ಡಬಲ್.

ಇನ್ನು ಅವಧಿ ವಿಷಯ, ಇದನ್ನು ದಯವಿಟ್ಟು ಪೂರ್ತಿ ಓದಿ. ಹೋದ ವರ್ಷ ಒಬ್ಬ ಅಮ್ಮ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಅಂತ 340 ಪಾಯಿಂಟ್ ಕೂಡಿಟ್ಟಿದ್ದರು. ಸಾಮಾನು ಕಟ್ಟಿಸಿ ಕೌಂಟರಿಗೆ ಬಂದಾಗ ಅವು ಎರಡು ದಿನ ಹಿಂದೆಯೇ ಮುಗಿದಿದ್ದವು. ಮುಂಚೆ ತಿಳಿಸದಿದ್ದದ್ದು ನಮ್ಮ ತಪ್ಪು. ಆ ಪಾಯಿಂಟ್ ತಿರುಗಿ ಹಾಕಿದೆವು, ಆದರೆ ಅವರ ಮುಖ ಸಣ್ಣಗಾದದ್ದು ನಮಗೆ ಇನ್ನೂ ಮರೆತಿಲ್ಲ. ಅಂದಿನಿಂದ ಅವಧಿ ಮುಗಿಯುವ 15 ದಿನ ಮೊದಲೇ ಎಸ್ಸೆಮ್ಮೆಸ್ ಕಳಿಸುತ್ತೇವೆ.

ಮಾಮೂಲಿ ಪಾಯಿಂಟ್ ಗಳಿಸಿದ ತಿಂಗಳಿಂದ ಒಂದು ವರ್ಷ, ಆ ತಿಂಗಳ ಕೊನೇ ದಿನದವರೆಗೆ ನಡೆಯುತ್ತವೆ. ಈ ವಾರ ಗಳಿಸಿದ್ದು 2026ರ ಡಿಸೆಂಬರ್ 31ರವರೆಗೆ. ಬೋನಸ್ ಪಾಯಿಂಟ್‌ಗೆ ಅಷ್ಟು ಆಯುಷ್ಯ ಇಲ್ಲ, 2026ರ ಮಾರ್ಚ್ 31ಕ್ಕೇ ಮುಗಿಯುತ್ತವೆ. ಯುಗಾದಿ ಸಂತೆಗೆ ಬಳಸಿಬಿಡಿ. ಯಾವುದು ಮೊದಲು ಮುಗಿಯಲಿದೆಯೋ ಅದೇ ಮೊದಲು ಕಟ್ ಆಗುವಂತೆ ಲೆಕ್ಕ ಇಟ್ಟಿದ್ದೇವೆ. 2024ರ ಡಿಸೆಂಬರಿನಲ್ಲಿ ಜಮೆಯಾದವು ಇದೇ 31ಕ್ಕೆ ಹೋಗುತ್ತವೆ, ಅವನ್ನು ಈ ಸಂತೆಯಲ್ಲೇ ತೀರಿಸಿ.

ಬಳಸಲು ಖಾತೆಯಲ್ಲಿ ಕನಿಷ್ಠ 50 ಪಾಯಿಂಟ್ ಇರಬೇಕು. ಮೊಬೈಲಿಗೆ ಬರುವ ಓಟಿಪಿಯನ್ನು ಕೌಂಟರಿನಲ್ಲಿ ಮಾತ್ರ ಹೇಳಿ, ಫೋನಿನಲ್ಲಿ ಯಾರು ಕೇಳಿದರೂ ಬೇಡ. ನಾವು ಫೋನ್ ಮಾಡಿ ಕೇಳುವುದೇ ಇಲ್ಲ.

ಭಾನುವಾರವೂ ಸೇರಿ ಬೆಳಿಗ್ಗೆ 8ರಿಂದ ರಾತ್ರಿ 9.30ರವರೆಗೆ ಅಂಗಡಿ ತೆರೆದಿರುತ್ತದೆ. ಗುರುವಾರ ಸಂಜೆ ಭಾಳ ಗದ್ದಲ ಇರುತ್ತದೆ, ವಯಸ್ಸಾದವರು ಬೆಳಿಗ್ಗೆಯೇ ಬಂದರೆ ಕೂಡಿಸಿ ಸಾಮಾನು ಕಟ್ಟಿಕೊಡುತ್ತೇವೆ.

ನಿಮ್ಮ ಕಿರಾಣಿ ಅಂಗಡಿಯವರು
ನೆಹರು ಗಂಜ್, ಕಲಬುರಗಿ