ಡಿಸೆಂಬರ್ ಸಭೆಗೆ ಬರಲಾಗುತ್ತಿಲ್ಲ, ಮಾರ್ಚ್‌ನಲ್ಲಿ ಖಂಡಿತ

ಮಂಜಣ್ಣನವರಿಗೆ ನಮಸ್ಕಾರ.

ಡಿಸೆಂಬರ್ 14ರ ಭಾನುವಾರ ಸಕಲೇಶಪುರದಲ್ಲಿ ನಡೆಯುವ ಕಾಫಿ ಬೆಳೆಗಾರರ ಸಭೆಗೆ ಬಂದು ಬಿಳಿ ಕಾಂಡಕೊರಕ ಹುಳದ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ಕರೆದದ್ದು ತುಂಬಾ ಖುಷಿಯಾಯಿತು. ಆದರೆ ಆ ದಿನ ನನಗೆ ಬರಲು ಆಗುವುದಿಲ್ಲ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಆ ಹೊತ್ತಿಗೆ ಇಲ್ಲಿ ಮೂಡಿಗೆರೆ ಕಡೆ ಅರೇಬಿಕಾ ಕೊಯ್ಲು ಜೋರಾಗಿರುತ್ತದೆ. ಸಂಜೆ ತೂಕ ಮುಗಿಸಿ ಹಣ್ಣನ್ನು ಅವತ್ತೇ ಪಲ್ಪರ್‌ಗೆ ಹಾಕಬೇಕು. ರಾತ್ರಿಯೆಲ್ಲ ರಾಶಿ ಬಿಟ್ಟರೆ ಬಿಸಿಯಾಗಿ ಹುಳಿ ಹಿಡಿಯುತ್ತದೆ, ಕಾಫಿ ರುಚಿ ಕೆಡುತ್ತದೆ. ಇತ್ತ ಕಣದಲ್ಲಿ ಪಾರ್ಚ್‌ಮೆಂಟ್ ಒಣಗುತ್ತಿರುತ್ತದೆ, ಮೋಡ ಕಂಡರೆ ಟಾರ್ಪಾಲು ಹಿಡಿದು ಓಡಬೇಕು. ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ನಿಮ್ಮ ಕಡೆಯವರಿಗೂ ಇದೇ ಪಾಡು, ಅಲ್ವಾ? ಸಭೆಗೆ ಬರಬೇಕಾದವರೇ ತೋಟದಲ್ಲಿ ಇರುತ್ತಾರೆ ಅನ್ನುವುದು ನನ್ನ ಅನಿಸಿಕೆ.

ತಾರೀಕು ಬದಲಿಸಲು ಆಗುವುದಾದರೆ ಮಾರ್ಚ್ 8ರ ಭಾನುವಾರ ಇಟ್ಟುಕೊಳ್ಳಿ. ನಾನು ಖಂಡಿತ ಬರುತ್ತೇನೆ. ಏಪ್ರಿಲ್-ಮೇನಲ್ಲಿ ಈ ಕಾಂಡಕೊರಕದ ದುಂಬಿ ಹೊರಗೆ ಬಂದು ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಅದಕ್ಕೆ ಮೊದಲೇ ಹುಳ ಬಿದ್ದ ಗಿಡ ಹುಡುಕಿ, ಕಿತ್ತು, ಸುಡಬೇಕು. ಹಾಗಾಗಿ ಹಾಲ್‌ನಲ್ಲಿ ಭಾಷಣ ಬೇಡ, ಯಾರದಾದರೂ ಅರೇಬಿಕಾ ತೋಟದಲ್ಲೇ ಸೇರೋಣ. ಹಳದಿಯಾದ ಎಲೆ, ಕಾಂಡದ ಮೇಲಿನ ಉಬ್ಬು ಗೆರೆ, ಸೀಳಿದಾಗ ಒಳಗೆ ಪುಡಿ ಗಟ್ಟಿಯಾಗಿ ತುಂಬಿರುವ ದಾರಿ, ಇವನ್ನೆಲ್ಲ ಒಮ್ಮೆ ಮುಟ್ಟಿ ನೋಡಿದವರು ಮರೆಯುವುದಿಲ್ಲ. ನೆರಳು ಕಡಿಮೆಯಾದ ಜಾಗದಲ್ಲಿ ಹುಳ ಜಾಸ್ತಿ ಬೀಳುವುದನ್ನೂ ಅಲ್ಲೇ ತೋರಿಸಬಹುದು. ನೆರಳು ಮರ ಕಡಿದು ಗಿಡ ಕಳಕೊಂಡವರನ್ನು ನೋಡಿ ಸಂಕಟವಾಗಿದೆ ನನಗೆ. ಅದನ್ನು ಯುವಕರಿಗೆ ಹೇಳಲೇಬೇಕು.

ಡಿಸೆಂಬರ್ ಸಭೆಯನ್ನು ಮುಂದೂಡಲು ಆಗದಿದ್ದರೆ, ಆಲ್ದೂರಿನ ಸುಶೀಲಮ್ಮನವರನ್ನು ಕರೆಯಿರಿ. ಕಾಫಿ ಮಂಡಳಿಯಲ್ಲಿ ವಿಸ್ತರಣಾ ಕೆಲಸ ಮಾಡಿ ನಿವೃತ್ತರಾದವರು. ಬಾಳೆಹೊನ್ನೂರು ಸಂಶೋಧನಾ ಕೇಂದ್ರದವರ ಜೊತೆಯೂ ಓಡಾಡಿದ್ದಾರೆ. ತೊಗಟೆ ಉಜ್ಜುವುದು, ಮೋಹಕ ಬಲೆ ಕಟ್ಟುವುದು, ಇವನ್ನೆಲ್ಲ ಸುಮ್ನೆ ಹೇಳುವುದಿಲ್ಲ, ಮಾಡಿ ತೋರಿಸುತ್ತಾರೆ. ಹುಳ ಕೊರೆದ ಕಾಂಡದ ತುಂಡುಗಳನ್ನು ಚೀಲದಲ್ಲಿ ತರುತ್ತಾರೆ. ನಿನ್ನೆ ಅವರಲ್ಲಿ ಮಾತಾಡಿದೆ. ಡಿಸೆಂಬರ್ 14 ಅವರಿಗೆ ಬಿಡುವಿದೆ, ಆದರೆ ಕರಕೊಂಡು ಹೋಗಲು ವಾಹನ ಬೇಕು ಎಂದರು. ಅವರ ಫೋನ್ ನಂಬರನ್ನು ನಿಮಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ಈ ಶುಕ್ರವಾರದೊಳಗೆ ಮಾತಾಡಿದರೆ ಒಳ್ಳೆಯದು.

ಎರಡನ್ನೂ ಇಟ್ಟುಕೊಳ್ಳಬಹುದು ಕೂಡ: ಡಿಸೆಂಬರ್‌ನಲ್ಲಿ ಸುಶೀಲಮ್ಮನವರ ಮಾತು, ಮಾರ್ಚ್‌ನಲ್ಲಿ ತೋಟದಲ್ಲಿ ನಾನು. ಸಂಘದವರನ್ನು ಕೇಳಿ ತಿಳಿಸಿ.

ನಿಮ್ಮವ,
ರಮೇಶ
ಮೂಡಿಗೆರೆ